ಅಧಿಸೂಚನೆಗೂ ಐತೀರ್ಪಿಗೂ ನಡುವೆ

ಸಾರ್ವಜನಿಕ ಉದ್ದೇಶಕ್ಕಾಗಿ ಪ್ರಜೆಯೊಬ್ಬನ ಭೂಮಿಯನ್ನು ಅವನ ಸಮ್ಮತಿಯಿಲ್ಲದೆಯೂ ಪಡೆದುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಉಂಟೆಂಬುದನ್ನು ಒಪ್ಪಿಕೊಂಡ ಮೇಲೆ, ಆ ಅಧಿಕಾರವು ಯಾವ ಕ್ರಮದಲ್ಲಿ ಮತ್ತು ಎಷ್ಟು ಕಾಲದೊಳಗೆ ನಡೆಯಬೇಕೆಂಬ ಪ್ರಶ್ನೆಯೇ ಭೂಮಾಲಿಕನ ಪಾಲಿಗೆ ಮುಖ್ಯವಾಗಿ ಉಳಿಯುತ್ತದೆ. ನೋಟೀಸು, ಆಕ್ಷೇಪಣೆ, ವಿಚಾರಣೆ, ಅಂತಿಮ ಅಧಿಸೂಚನೆ, ಐತೀರ್ಪು, ಪರಿಹಾರ ಎಂಬ ಕ್ರಮದ ವಿಷಯವಾಗಿ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಸಂದುಹೋಗುವ ಕಾಲದ ಕಡೆಗೆ ಅಷ್ಟೇ ಗಮನ ಹರಿದಿಲ್ಲ. ಅನ್ಯಾಯದ ಬಹುಪಾಲು ಹುಟ್ಟುವುದು ಅಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

2025ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯವು ಇತ್ಯರ್ಥಪಡಿಸಿದ ಬೆಂಗಳೂರಿನ ಒಂದು ಪ್ರಕರಣವು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಗೊಟ್ಟಿಗೆರೆಯಲ್ಲಿ 1995ರಿಂದ 1997ರ ನಡುವೆ ನಿವೇಶನಗಳನ್ನು ಕೊಂಡಿದ್ದ ಕೆಲವರ ಭೂಮಿಯು ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಗೆ ಬೇಕಾಯಿತು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು 2003ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆಯನ್ನು ಹೊರಡಿಸಿತು. ಅದೇ ವರ್ಷ ಅಂತಿಮ ಅಧಿಸೂಚನೆಯೂ ಬಂದಿತು. 2005ರ ನವೆಂಬರಿನಲ್ಲಿ ಸ್ವಾಧೀನವನ್ನು ತೆಗೆದುಕೊಂಡು ಯೋಜನೆಯವರಿಗೆ ವಹಿಸಿಕೊಟ್ಟದ್ದೂ ಆಯಿತು. ಆದರೆ ಐತೀರ್ಪು ಮಾತ್ರ ಹೊರಬರಲಿಲ್ಲ. ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ ನೋಟೀಸು ಜಾರಿಯಾದ ಮೇಲೆ, 2019ರ ಏಪ್ರಿಲ್ 22ರಂದು, ವಿಶೇಷ ಭೂಸ್ವಾಧೀನಾಧಿಕಾರಿಗಳು 2011ನೆಯ ಇಸವಿಯ ಮಾರ್ಗಸೂಚಿ ದರವನ್ನು ಆಧಾರವಾಗಿಟ್ಟುಕೊಂಡು ಪರಿಹಾರವನ್ನು ನಿರ್ಣಯಿಸಿದರು.

ಇಷ್ಟು ವಿಳಂಬವು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಲು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ಪ್ರಕರಣವನ್ನು ನೋಡಬೇಕು. ಅದರ ಒಂದನೆಯ ಉಪಪ್ರಕರಣದಂತೆ ಪ್ರಾಥಮಿಕ ಅಧಿಸೂಚನೆ. ಎರಡನೆಯದರಂತೆ ಮಾಲಿಕನಿಗೆ ನೋಟೀಸು ಕೊಟ್ಟು, ಭೂಮಿಯನ್ನು ಏಕೆ ತೆಗೆದುಕೊಳ್ಳಬಾರದೆಂಬುದಕ್ಕೆ ನೋಟೀಸು ಜಾರಿಯಾದ ದಿನದಿಂದ ಮೂವತ್ತು ದಿನಗಳೊಳಗೆ ಕಾರಣ ಹೇಳುವ ಅವಕಾಶ. ಮೂರನೆಯದರಂತೆ ವಿಚಾರಣೆ ಮತ್ತು ಆದೇಶ. ನಾಲ್ಕನೆಯದರಂತೆ ಅಂತಿಮ ಘೋಷಣೆ. ಇದರ ಮುಂದಿನ ಐದನೆಯ ಉಪಪ್ರಕರಣದಲ್ಲಿ ಇಡೀ ಕಾಯಿದೆಯ ಮರ್ಮವಡಗಿದೆ. ಅಂತಿಮ ಘೋಷಣೆಯು ರಾಜ್ಯಪತ್ರದಲ್ಲಿ ಪ್ರಕಟವಾದೊಡನೆಯೇ ಭೂಮಿಯು ಸಮಸ್ತ ಋಣಭಾರಗಳಿಂದ ಮುಕ್ತವಾಗಿ ರಾಜ್ಯ ಸರ್ಕಾರದಲ್ಲಿ ನಿಹಿತವಾಗುತ್ತದೆ. 1894ರ ಹಳೆಯ ಭೂಸ್ವಾಧೀನ ಕಾಯಿದೆಯಲ್ಲಿ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಐತೀರ್ಪಾಗಿ ಅನಂತರ ಸ್ವಾಧೀನವನ್ನು ಪಡೆದಾಗಲೇ ಒಡೆತನವು ಕೈಬದಲಾಗುತ್ತಿತ್ತು. ನಮ್ಮ ರಾಜ್ಯದ ಕಾಯಿದೆಯಲ್ಲಾದರೋ ಒಡೆತನವು ಮೊದಲು ಹೋಗುತ್ತದೆ, ಬೆಲೆಯ ನಿರ್ಣಯವು ಹಿಂದೆ ಉಳಿಯುತ್ತದೆ. ಭೂಮಿಯು ಈಗಾಗಲೇ ತನ್ನದಾಗಿರುವಾಗ ಐತೀರ್ಪಿಗೆ ತ್ವರೆ ಮಾಡಬೇಕಾದ ಅನಿವಾರ್ಯತೆಯು ಕಚೇರಿಗೆ ಇಲ್ಲದೆ ಹೋಗುತ್ತದೆ.

ಹಳೆಯ ಕಾಯಿದೆಗೆ 1984ರಲ್ಲಿ ಸೇರಿಸಿದ 11ಎ ಪ್ರಕರಣವು, ಘೋಷಣೆಯಾದ ಎರಡು ವರ್ಷಗಳೊಳಗೆ ಐತೀರ್ಪು ಆಗದಿದ್ದರೆ ಸ್ವಾಧೀನದ ಕ್ರಮವೇ ರದ್ದಾಗುತ್ತದೆಂದು ವಿಧಿಸಿತ್ತು. ಆದರೆ ಇದೇ ಕಾರಿಡಾರ್ ಯೋಜನೆಗೆ ಸಂಬಂಧಿಸಿದ ಮತ್ತೊಂದು ಮೊಕದ್ದಮೆಯಲ್ಲಿ, ಆ ಗಡುವು ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಡಿಯ ಸ್ವಾಧೀನಗಳಿಗೆ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಮಾನಿಸಿತು. ಕಾಯಿದೆಯ ರಚನೆಯನ್ನು ನೋಡಿದರೆ ಆ ತೀರ್ಮಾನವು ಸಮಂಜಸವೇ ಆಗಿರಬಹುದು. ಒಮ್ಮೆ ನಿಹಿತವಾದ ಭೂಮಿಯು ರದ್ದತಿಯಿಂದ ಹಿಂದಿರುಗುವುದು ಸುಲಭವಲ್ಲ. ಹಾಗಿದ್ದರೆ ದೋಷವನ್ನು ತಿದ್ದುವ ಹೊಣೆ ಶಾಸಕಾಂಗದ ಮೇಲೆ ಬೀಳುತ್ತದೆ.

ವಿಳಂಬವು ಮಾಲಿಕನಿಗೆ ಎಷ್ಟರಮಟ್ಟಿನ ನಷ್ಟವನ್ನು ತರುತ್ತದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಭೂಮಿಯ ಬೆಲೆಯನ್ನು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ ಕಟ್ಟಲಾಗುತ್ತದೆ. ಯೋಜನೆಯ ಸುದ್ದಿಯಿಂದಲೇ ಏರಿದ ಬೆಲೆಯ ಭಾರವು ಬೊಕ್ಕಸದ ಮೇಲೆ ಬೀಳಬಾರದೆಂಬುದು ಈ ನಿಯಮದ ಉದ್ದೇಶ, ಅದು ನ್ಯಾಯವಾದದ್ದೇ. ಆ ದಿನ ಎಕರೆಗೆ 10 ಲಕ್ಷ ರೂಪಾಯಿ ಬೆಲೆಯಿದ್ದು, ಐತೀರ್ಪು ಹನ್ನೆರಡು ವರ್ಷಗಳ ತರುವಾಯ ಬಂದಿತೆನ್ನಿ. 1894ರ ಕಾಯಿದೆಯ ಕ್ರಮದಂತೆ, ಬೆಲೆಯ ಮೇಲೆ ಶೇಕಡಾ 30ರ ಸೋಲೇಷಿಯಂ ಎಂದರೆ 3 ಲಕ್ಷ. ಸ್ವಾಧೀನವನ್ನು ಅದಕ್ಕೆ ಮೊದಲು ಪಡೆಯದಿದ್ದಲ್ಲಿ, ವರ್ಷಕ್ಕೆ ಶೇಕಡಾ 12ರಂತೆ ಹೆಚ್ಚುವರಿ ಮೊತ್ತ 14 ಲಕ್ಷದ 40 ಸಾವಿರ. ಒಟ್ಟು 27 ಲಕ್ಷದ 40 ಸಾವಿರ ರೂಪಾಯಿ. ಆದರೆ ನಗರದ ಸೆರಗಿನ ಭೂಮಿಯ ಬೆಲೆಯು ಆರು ವರ್ಷಕ್ಕೊಮ್ಮೆ ಇಮ್ಮಡಿಯಾಗಿದ್ದರೆ, ಐತೀರ್ಪಿನ ದಿನ ಅದೇ ಎಕರೆಯ ಬೆಲೆ 40 ಲಕ್ಷವಾಗಿರುತ್ತದೆ. ಕಾಯಿದೆಯು ಕೊಡುವುದು ಸರಳ ಬಡ್ಡಿಯ ಕ್ರಮದಲ್ಲಿ. ನೆಲದ ಬೆಲೆ ಏರುವುದು ಚಕ್ರಬಡ್ಡಿಯ ಕ್ರಮದಲ್ಲಿ. ಎರಡು ವರ್ಷಗಳ ಅಂತರದಲ್ಲಿ ಈ ವ್ಯತ್ಯಾಸವು ಅಷ್ಟಾಗಿ ಕಾಣುವುದಿಲ್ಲ. ಹನ್ನೆರಡು ವರ್ಷಗಳಲ್ಲಿ, ಬಂದ ಹಣದಿಂದ ಅದೇ ಊರಿನಲ್ಲಿ ಮತ್ತೊಂದು ಎಕರೆಯನ್ನು ಕೊಳ್ಳಲಾರದ ಸ್ಥಿತಿಗೆ ಅದು ರೈತನನ್ನು ತಂದು ನಿಲ್ಲಿಸುತ್ತದೆ.

ಅಷ್ಟು ಕಾಲವೂ ಅವನ ಪಹಣಿಯಲ್ಲಿ ಸ್ವಾಧೀನದ ನಮೂದು ಇದ್ದೇ ಇರುತ್ತದೆ. ಅದನ್ನು ಕಂಡ ಬ್ಯಾಂಕು ಬೆಳೆಸಾಲಕ್ಕೆ ಹಿಂಜರಿಯುತ್ತದೆ. ಕೊಳ್ಳುವವರು ಮುಂದೆ ಬರುವುದಿಲ್ಲ. ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ಹೊಸದನ್ನು ಕೊರೆಸಿದರೆ ಆ ಹಣವು ವ್ಯರ್ಥವಾದೀತೆಂಬ ಭಯದಿಂದ ಮಾವಿನ ತೋಪು ಒಣಗುತ್ತದೆ, ಮತ್ತು ಜಂಟಿ ಅಳತೆಗೆ ಅಧಿಕಾರಿಗಳು ಬರುವ ಹೊತ್ತಿಗೆ ಎಣಿಕೆಗೆ ಸಿಕ್ಕುವ ಮರಗಳೂ ಕಡಿಮೆಯಾಗಿರುತ್ತವೆ. ಇಂಥ ಸ್ಥಿತಿಯಲ್ಲಿರುವವನ ಮುಂದೆ 29ನೆಯ ಪ್ರಕರಣದ ಒಪ್ಪಂದದ ದರವನ್ನು ಇಟ್ಟಾಗ ಅವನು ಕೊಡುವ ಸಮ್ಮತಿಯನ್ನು ಸ್ವತಂತ್ರ ಸಮ್ಮತಿಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಹೆಚ್ಚಿನ ಪರಿಹಾರವನ್ನು ಕೇಳುವ ದಾರಿಯೂ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ.

ಗೊಟ್ಟಿಗೆರೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿಳಂಬಕ್ಕೆ ಮಾಲಿಕರು ಕಾರಣರಲ್ಲವೆಂದು ಹೇಳಿ, ಸಂವಿಧಾನದ 142ನೆಯ ಅನುಚ್ಛೇದದ ವಿಶೇಷಾಧಿಕಾರವನ್ನು ಬಳಸಿ, ಬೆಲೆ ಕಟ್ಟುವ ದಿನವನ್ನೇ 2019ರ ಏಪ್ರಿಲ್ 22ಕ್ಕೆ ಸರಿಸಿತು. ಎರಡು ತಿಂಗಳೊಳಗೆ ಹೊಸ ಐತೀರ್ಪನ್ನು ಮಾಡಬೇಕೆಂದು ಆದೇಶಿಸಿತು. ಅದರೊಂದಿಗೆ, 2003ರ ದಿನವನ್ನು ಬಿಟ್ಟು 2011ಕ್ಕೆ ಸರಿಸಲು ಭೂಸ್ವಾಧೀನಾಧಿಕಾರಿಗೆ ಅಧಿಕಾರವಿರಲಿಲ್ಲವೆಂದೂ, ಅಂಥ ಅಧಿಕಾರವಿರುವುದು ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಿಗೆ ಮಾತ್ರವೆಂದೂ ಸ್ಪಷ್ಟಪಡಿಸಿತು. ಇದರ ಫಲಿತಾರ್ಥವನ್ನು ಗಮನಿಸಬೇಕು. ಅಧಿಕಾರಿಯು ಎಷ್ಟೇ ಸಹೃದಯನಾದರೂ ಹಳೆಯ ದಿನಕ್ಕೇ ಬೆಲೆ ಕಟ್ಟಲು ಬದ್ಧನು. ವಿಳಂಬದಿಂದ ನೊಂದವನು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಲೇಬೇಕು. ಎರಡು ಎಕರೆಯ ರೈತರಲ್ಲಿ ಎಷ್ಟು ಜನರಿಗೆ ಅದು ಸಾಧ್ಯ?

2013ರ ಕೇಂದ್ರ ಕಾಯಿದೆಯು ಘೋಷಣೆಯಿಂದ ಹನ್ನೆರಡು ತಿಂಗಳೊಳಗೆ ಐತೀರ್ಪು ಆಗಬೇಕೆಂದೂ, ಇಲ್ಲದಿದ್ದರೆ ಕ್ರಮವು ರದ್ದಾಗುತ್ತದೆಂದೂ ವಿಧಿಸಿ, ಕಾರಣವನ್ನು ಬರೆದಿಟ್ಟು ಅವಧಿಯನ್ನು ವಿಸ್ತರಿಸುವ ಅವಕಾಶವನ್ನೂ ಸರ್ಕಾರಕ್ಕೆ ಕೊಟ್ಟಿದೆ. ನಮ್ಮ 1966ರ ಕಾಯಿದೆಗೆ ಅದೇ ಬಗೆಯ ಗಡುವನ್ನು ಸೇರಿಸಬೇಕು; 28ನೆಯ ಪ್ರಕರಣದ ಐದನೆಯ ಉಪಪ್ರಕರಣವನ್ನು ತಿದ್ದಿ, ಪರಿಹಾರವನ್ನು ಪಾವತಿ ಮಾಡಿದ ಅಥವಾ ನ್ಯಾಯಾಲಯದಲ್ಲಿ ಠೇವಣಿಯಿಟ್ಟ ದಿನದಂದೇ ಭೂಮಿಯು ಸರ್ಕಾರದಲ್ಲಿ ನಿಹಿತವಾಗುವಂತೆ ಮಾಡಬೇಕು. ಯೋಜನೆಗಳು ಇದರಿಂದ ತಡವಾಗುತ್ತವೆಂದು ಆಕ್ಷೇಪಿಸುವವರು ಇರಬಹುದು. ಹಣವನ್ನು ಮೊದಲೇ ಹೊಂದಿಸಿಕೊಂಡ ಯೋಜನೆಯು ಇದರಿಂದ ತಡವಾಗಲಾರದು. ಹಣವಿಲ್ಲದೆಯೇ ಅಧಿಸೂಚನೆ ಹೊರಡಿಸುವ ಯೋಜನೆಯಾದರೆ, ಅದು ತಡವಾಗುವ ಕಾಲವನ್ನು ರೈತನು ತನ್ನ ಹೊಲವನ್ನು ಉಳುತ್ತಾ, ಸಾಲವೆತ್ತುತ್ತಾ, ಬೇಕಾದರೆ ಮಾರುತ್ತಾ ಕಳೆಯುವ ಸ್ವಾತಂತ್ರ್ಯವಾದರೂ ಅವನಲ್ಲಿ ಉಳಿದಿರಬೇಕು.