ಕತ್ತರಿ ಹಾಕಬೇಕಾದ್ದು ಹಾಡಿಗಲ್ಲ

ಕನ್ನಡ ಸಿನಿಮಾಕ್ಕೆ ಹಾಡು ಹೊರೆ, ಕಿತ್ತುಹಾಕಿ ಎನ್ನುವವರಿದ್ದಾರೆ. ಹಾಡು ಶುರುವಾದರೆ ಜನ ಎದ್ದು ಹೊರಗೆ ಹೋಗುತ್ತಾರೆ ಎಂಬುದು ಅವರ ದೂರು. ದೂರು ಸರಿ, ಮದ್ದು ತಪ್ಪು.

ಕೋಲಾರದ ಗಣಿಯ ಹೆಸರು ಹೊತ್ತು 2018ರಲ್ಲಿ ಬಂದ ‘ಕೆಜಿಎಫ್’ ನೋಡಿ. ಅದರಲ್ಲಿ 1970ರ ‘ಪರೋಪಕಾರಿ’ಯಿಂದ ತಂದ ‘ಜೋಕೆ’ ಹಾಡಿದೆ, ಕುಣಿದವರು ತಮನ್ನಾ. ಹಿಂದಿಯಲ್ಲಿ ಅದೇ ಜಾಗಕ್ಕೆ 1989ರ ‘ತ್ರಿದೇವ್’ ಹಾಡು ಬಂತು, ಕುಣಿದವರು ಮೌನಿ ರಾಯ್. ಹಾಡು ಬದಲಾಯಿತು, ನರ್ತಕಿ ಬದಲಾದರು, ಕಥೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಚಿತ್ರ ಗೆದ್ದಿತು, ನಿಜ. ಆದರೆ ಹಾಗೆ ಬದಲಿಸಬಹುದಾದ ಹಾಡು ಕಥೆಯನ್ನು ನಿಲ್ಲಿಸಿಯೇ ನಡೆಯುತ್ತದೆ.

ಇನ್ನು ಮುಳಬಾಗಿಲಿನ ಮಗಳು ಸೌಂದರ್ಯ ಅವರ ‘ಆಪ್ತಮಿತ್ರ’. 2004ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು, ಆಗಸ್ಟ್‌ನಲ್ಲಿ ಚಿತ್ರ ತೆರೆಗೆ ಬಂತು. ಅದರ ‘ರಾ ರಾ’ ಹಾಡಿನ ಮೊದಲೇ ಸೌಂದರ್ಯ ನಟಿಸಿದ ಗಂಗಾಳ ಕಾಯಿಲೆಯನ್ನು ವೈದ್ಯ ವಿಜಯ್ ಹೇಳಿರುತ್ತಾನೆ. ಹಾಡಿನೊಳಗೆ ಆ ಕಾಯಿಲೆ ಕಣ್ಣೆದುರು ನಿಲ್ಲುತ್ತದೆ. ಒಂದು ಶಾಟ್‌ನಲ್ಲಿ ಅವಳು ಕಾಣುವ ರಾಜಸಭೆ, ಇನ್ನೊಂದರಲ್ಲಿ ನಮಗೆ ಕಾಣುವ ಕೆದರಿದ ಕೂದಲಿನ ಹೆಂಗಸು. ಕನ್ನಡ ಮಾತಾಡುವ ಗಂಗಾಳ ಬಾಯಲ್ಲಿ, ಅವಳು ತಾನೇ ಎಂದು ನಂಬಿದ ನರ್ತಕಿ ನಾಗವಲ್ಲಿಯ ತೆಲುಗು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಶ್ರೀನಿವಾಸಪುರದವರಿಗೆ ಆ ಭಾಷಾ ಪಲ್ಲಟ ಎಷ್ಟು ನಾಟಿರಬೇಕು! ಹಾಡು ಮುಗಿದಾಗ ಪ್ರಶ್ನೆಯೇ ಬೇರೆ: ಇವಳನ್ನು ಉಳಿಸುವುದು ಹೇಗೆ? 2005ರಲ್ಲಿ ಕಥೆ ತಮಿಳಿನ ‘ಚಂದ್ರಮುಖಿ’ಯಾದಾಗಲೂ ಆ ಜಾಗದ ಹಾಡು ತೆಲುಗಿನಲ್ಲೇ ಉಳಿಯಿತು. ಭಾಷೆಯೇ ಅಲ್ಲಿ ಸಾಕ್ಷಿ. ಅದನ್ನು ಹೇಗೆ ಬದಲಿಸುತ್ತೀರಿ?

ತಪ್ಪು ಆಗುವುದು ಚಿತ್ರಕಥೆಯ ಹಾಳೆಯಲ್ಲಿ. ಮಾತಿನ ದೃಶ್ಯಕ್ಕೆ ಮೂರು ಪುಟ ಬರೆಯುವವರು ಹಾಡಿನ ಜಾಗದಲ್ಲಿ ‘ಇಲ್ಲಿ ಹಾಡು’ ಎಂದು ಬರೆದು ಮುಂದೆ ಹೋಗುತ್ತಾರೆ. ಉಳಿದದ್ದೆಲ್ಲ ನೃತ್ಯ ನಿರ್ದೇಶಕರ ತಲೆಗೆ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಂದು ಹಾಡು ಬೇಕೆನ್ನಿ. ಪಲ್ಲವಿಯಲ್ಲಿ ಮಗಳು ಅಪ್ಪನ ಜೊತೆ ಹಣ್ಣಿನ ಕ್ರೇಟ್ ಇಳಿಸುತ್ತಾಳೆ, ಒಳ್ಳೆಯ ಬೆಲೆಯ ಆಸೆ. ಮೊದಲ ಚರಣದಲ್ಲಿ ಹರಾಜು, ಬೆಲೆ ಕುಸಿತ. ನಡುವಿನ ವಾದ್ಯಭಾಗದಲ್ಲಿ, ಸಾಹಿತ್ಯವಿಲ್ಲದ ಕಡೆ, ಅಪ್ಪ ಮುಂದಿನ ವರ್ಷದ ಫಸಲನ್ನೂ ಬರೆದುಕೊಟ್ಟು ಮುಂಗಡ ಪಡೆಯುವುದು ಅವಳ ಕಣ್ಣಿಗೆ ಬೀಳುತ್ತದೆ. ಎರಡನೇ ಚರಣದಲ್ಲಿ ಅವಳು ಕಾಲೇಜು ಫೀಸಿನ ದುಡ್ಡನ್ನು ಅಪ್ಪನ ಜೇಬಿಗೆ ಹಿಂತಿರುಗಿಸುತ್ತಾಳೆ. ಕೊನೆಗೆ ಅದೇ ಪಲ್ಲವಿ ಮರಳಿದಾಗ ಅದೇ ಪದಗಳಿಗೆ ಅರ್ಥ ತಿರುಗಿರುತ್ತದೆ. ಇದನ್ನು ಸಂಗೀತ ನಿರ್ದೇಶಕರ ಮುಂದೆ ಟ್ಯೂನ್‌ಗೆ ಮೊದಲೇ ಇಡಬೇಕು. ಟ್ಯೂನ್ ಆದಮೇಲೆ ಇಟ್ಟರೆ, ಅಪ್ಪನ ಆ ಸಹಿಗೆ ಬೇಕಾದ ಮೌನಕ್ಕೆ ಜಾಗವೇ ಇರುವುದಿಲ್ಲ.

ಬರೆದಾದ ಮೇಲೆ ಹಾಡನ್ನು ತೆಗೆದು ಮುಂದಿನ ದೃಶ್ಯ ಓದಿ. ಅರ್ಥವಾದರೆ ಹಾಡು ಬೇಡ. ನಿರ್ಮಾಪಕರಲ್ಲಿ ನನ್ನ ಮನವಿ ಇಷ್ಟೇ: ‘ಇಲ್ಲಿ ಹಾಡು’ ಎಂದಷ್ಟೇ ಬರೆದ ಪುಟಕ್ಕೆ ದುಡ್ಡು ಹಾಕಬೇಡಿ, ಬರಹಗಾರರಿಗೆ ವಾಪಸ್ ಕೊಡಿ.