ಮುರಿದ ಕಿವಿ ಮೆಡಲ್ ಅಲ್ಲ

(1/4)
ಮೊದಲನೇ ಫೋಟೋ ನನ್ನ ಎಡಗಿವಿ, ಎರಡನೇದು ಬಲಗಿವಿ. ಎರಡಕ್ಕೂ ಪೆಟ್ಟು ಬಿದ್ದದ್ದು ತಾಲೀಮಿನಾಗೇ. ಎಡಗಿವಿ ಹೂಕೋಸಿನಂಗ ಗಂಟಾಗಿ ಕುಂತದ, ಬಲಗಿವಿ ಮೊದಲಿನಂಗೇ ಅದ. ಇದು ನಸೀಬಿನ ಮಾತಲ್ಲ, ದಿನಗಳ ಲೆಕ್ಕ.

ಎಡಗಿವಿ ಉಬ್ಬಿದಾಗ ದೋಸ್ತರು "ಈಗ ಖರೇ ಪೈಲ್ವಾನ ಆದಿ ನೋಡು" ಅಂದ್ರು. ನಾನೂ ಖುಷಿಯಾಗಿ ಸೆಲ್ಫಿ ಹಾಕಿದೆ. 12 ದಿನ ಬಿಟ್ಟು ಡಾಕ್ಟರ್ ಹತ್ರ ಹೋದೆ. ಅಷ್ಟರಾಗ ಒಳಗ ಗಟ್ಟಿಯಾಗಿತ್ತು.

(2/4)
ಒಳಗ ಏನಾಗ್ತದ ಅಂದ್ರ: ಕಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳ ಇಲ್ಲ. ಅದರ ಮೇಲೆ ಅಂಟಿಕೊಂಡಿರೋ ತೆಳು ಪೊರೆಯಿಂದಲೇ ಅದಕ್ಕ ಆಹಾರ. ಕಿವಿ ಮ್ಯಾಟಿಗೋ ಎದುರಾಳಿಯ ತಲೆಗೋ ಜೋರಾಗಿ ಉಜ್ಜಿದಾಗ ಆ ಪೊರೆ ಬಿಟ್ಟುಕೊಳ್ತದ, ನಡುವೆ ರಕ್ತ ತುಂಬ್ತದ. ಕಿವಿಯ ಮುಂಭಾಗದ ಮೇಲ್ಗಡೆ ಮಡಿಕೆಗಳು ಮುಚ್ಚಿಹೋಗಿ, ಒತ್ತಿದ್ರ ನೀರು ತುಂಬಿದ ಬಲೂನಿನಂಗ ಮೆತ್ತಗ ಅನಿಸಿದ್ರ ಅದೇ ಗುರುತು. ರಕ್ತ ಹಂಗೇ ಉಳಿದ್ರ ಮೃದ್ವಸ್ಥಿ ಸಾಯ್ತದ, ಅಲ್ಲಿ ಸೊಟ್ಟಾಪಟ್ಟಾ ಹೊಸದು ಬೆಳೀತದ. ಆಮೇಲೆ ಸೂಜಿಯಿಂದ ತೆಗೀಲಿಕ್ಕೆ ಏನೂ ಇರಲ್ಲ, ದೊಡ್ಡ ಆಪರೇಷನ್ನೇ ಗತಿ.

(3/4)
ಬಲಗಿವಿ ಉಬ್ಬಿದ್ದು ಭಾನುವಾರ ಸಂಜೆ. ಸೋಮವಾರ ಮುಂಜಾನೆ ಕಿವಿ-ಮೂಗು-ಗಂಟಲು ಡಾಕ್ಟರ್ ಮುಂದೆ ಕುಂತಿದ್ದೆ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ಮಡಿಕೆಯೊಳಗ ಸಣ್ಣ ಕೊಯ್ತ ಹಾಕಿ, ಕಪ್ಪು ರಕ್ತ ಪೂರಾ ತೆಗೆದ್ರು. ಅಸಲಿ ಕೆಲಸ ಆಮೇಲಿನದು: ಕಿವಿಯ ಹಿಂದ ಮುಂದ ಗಾಜ್ ಸುರುಳಿ ಇಟ್ಟು ಆರಪಾರ ಹೊಲಿಗೆ ಹಾಕಿ ಬಿಗಿದ್ರು. ಪೊರೆ ಮತ್ತೆ ಅಂಟಬೇಕಂದ್ರ ಈ ಒತ್ತಡ ಬೇಕೇ ಬೇಕು. ಇಲ್ಲಂದ್ರ ಖಾಲಿಯಾದ ಜಾಗದಾಗ ರಕ್ತ ಮತ್ತೆ ತುಂಬ್ತದ. ಮರುದಿನ ಚೆಕಪ್, 7 ದಿನಕ್ಕ ಹೊಲಿಗೆ ಬಿಚ್ಚಿದ್ರು. ಎರಡು ವಾರ ಕುಸ್ತಿ ಬಂದ್.

(4/4)
"ಸಿರಿಂಜ್ ತಾ, ಇಲ್ಲೇ ಎಳೀತೀನಿ" ಅನ್ನೋ ಉಸ್ತಾದರಿಗೆ ಕೈಮುಗಿದು ಹೇಳ್ತೀನಿ, ಬ್ಯಾಡ್ರಿ. ಬಿಗಿ ಕಟ್ಟು ಇಲ್ಲದೆ ಅದು ಮತ್ತೆ ಉಬ್ಬುತದ. ಸೂಜಿ ಹೊಲಸಿದ್ರ ಕೀವು ಆಗ್ತದ. ಕಿವಿ ಕೆಂಪಾಗಿ, ಬಿಸಿಯಾಗಿ, ಮುಟ್ಟಲಾರದಷ್ಟು ನೋವಾದ್ರ ಅವತ್ತೇ ಓಡ್ರಿ.

"ಜಾತ್ರಿ ಕುಸ್ತಿ ಮುಗೀಲಿ, ಆಮೇಲೆ ನೋಡೋಣ" ಅನ್ನೋರೇ, ಒಂದೆರಡು ದಿನದೊಳಗ ತೆಗೆಸಿದ್ರ ಚೊಲೋ. ವಾರ ದಾಟಿದ್ರ ಕೆಲಸ ಕಷ್ಟ. ಹಳ್ಳಿಖೇಡದಿಂದ ಹುಮನಾಬಾದಕ್ಕ ಬಸ್ಸದ, ಅಲ್ಲಿ ಆಗದಿದ್ರ ಬೀದರಿನ ಬ್ರಿಮ್ಸ್ ಅದ. ಎರಡು ವಾರದ ತಾಲೀಮು ತಪ್ಪೀತು, ಅಷ್ಟೇ.

ಪೈಲ್ವಾನನ ಗುರುತು ಅವನ ದಾವಿನಾಗ ಇರಬೇಕು. ನನ್ನ ಎಡಗಿವಿ ನಾನು ಗೆದ್ದದ್ದಲ್ಲ, ಸುಮ್ಮನೆ ಕಳಕೊಂಡದ್ದು. ಕಿವಿ ಉಬ್ಬಿದ ದೋಸ್ತ್ ಇದ್ರ ಈಗಲೇ ಟ್ಯಾಗ್ ಮಾಡ್ರಿ, ನಾಳೆ ಅಲ್ಲ.

#ಹಳ್ಳಿಖೇಡ #ಕುಸ್ತಿ #ತಾಲೀಮು