ಫಿಟ್ಸ್ ಮಾತ್ರೆಯ ಜೊತೆ ಬೇರೆ ಮಾತ್ರೆ: ‘ಎರಡು ಗಂಟೆ ಗ್ಯಾಪ್’ ಕೊಟ್ಟರೆ ಸಾಕೇ?

‘ಎರಡು ಬೇರೆ ಬೇರೆ ಕಾಯಿಲೆಗೆ ಮಾತ್ರೆ ತಗೊಳ್ತಿದ್ರೆ ನಡುವೆ ಎರಡು ಗಂಟೆ ಗ್ಯಾಪ್ ಕೊಡಿ, ಒಂದಕ್ಕೊಂದು ತೊಂದರೆ ಆಗಲ್ಲ.’ ಇಂಥ ಸಲಹೆಯನ್ನು ಮನೆಯಲ್ಲಿ, ಮೆಡಿಕಲ್ ಸ್ಟೋರ್ ಮುಂದೆ, ವಾಟ್ಸಾಪ್ ಗುಂಪುಗಳಲ್ಲಿ ನೀವೂ ಕೇಳಿರಬಹುದು. ಕೆಲವು ಔಷಧಿಗಳ ವಿಷಯದಲ್ಲಿ ಇದು ನಿಜ. ಆದರೆ ಫಿಟ್ಸ್ ಅಂದರೆ ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಎಂಬ ಮಾತ್ರೆಯ ವಿಷಯದಲ್ಲಿ ಇದು ಪೂರ್ತಿ ತಪ್ಪು. ಎರಡು ಗಂಟೆಯಲ್ಲ, ಹನ್ನೆರಡು ಗಂಟೆ ಗ್ಯಾಪ್ ಕೊಟ್ಟರೂ ಅದು ಇನ್ನೊಂದು ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಏಕೆ ಎಂಬುದನ್ನು ನೋಡೋಣ.

ಯಾವುದು ಈ ಮಾತ್ರೆ?

ಕಾರ್ಬಮಜೆಪಿನ್ ಹಳೆಯ, ಅಗ್ಗದ, ಚೆನ್ನಾಗಿ ಕೆಲಸ ಮಾಡುವ ಔಷಧಿ. ಟೆಗ್ರಿಟಾಲ್, ಮಾಜೆಟಾಲ್ ಎಂಬ ಹೆಸರುಗಳಲ್ಲಿ ನಮ್ಮಲ್ಲಿ ಸಿಗುತ್ತದೆ. ಅಪಸ್ಮಾರಕ್ಕೆ, ಮುಖದ ಒಂದು ಬದಿಯಲ್ಲಿ ಕರೆಂಟ್ ಹೊಡೆದಂತೆ ಬರುವ ನರದ ನೋವಿಗೆ ಮತ್ತು ಕೆಲವು ಮಾನಸಿಕ ಕಾಯಿಲೆಗಳಿಗೆ ವೈದ್ಯರು ಇದನ್ನು ಬರೆಯುತ್ತಾರೆ.

ಸಮಸ್ಯೆ ಶುರುವಾಗುವುದು ಚೀಟಿಗಳು ಎರಡಾದಾಗ. ಕೊಡಿಗೇಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಆ ಮನೆಯ 27 ವರ್ಷದ ಹೆಣ್ಣುಮಗಳಿಗೆ ಒಂದು ಮಗುವಿದೆ, ಸದ್ಯಕ್ಕೆ ಇನ್ನೊಂದು ಬೇಡ. ಎರಡು ವರ್ಷದಿಂದ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಿಂದ ಉಚಿತವಾಗಿ ಸಿಗುವ ‘ಮಾಲಾ-ಎನ್’ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದಾಳೆ. ಈಗ ಫಿಟ್ಸ್ ಬಂದಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೋ ಬೇರೊಂದು ಆಸ್ಪತ್ರೆಗೋ ಹೋಗಿ ಕಾರ್ಬಮಜೆಪಿನ್ ಶುರು ಮಾಡಿಕೊಂಡು ಬಂದಿದ್ದಾಳೆ. ಫಿಟ್ಸ್ ಚೀಟಿ ಬರೆದವರಿಗೆ ಮಾಲಾ-ಎನ್ ವಿಷಯ ಹೇಳಿಲ್ಲ, ಏಕೆಂದರೆ ಬಹಳ ಜನ ಅದನ್ನು ‘ಔಷಧಿ’ ಎಂದೇ ಎಣಿಸುವುದಿಲ್ಲ. ಮಾಲಾ-ಎನ್ ಕೊಡುವವರಿಗೆ ಫಿಟ್ಸ್ ವಿಷಯ ಹೇಳಿಲ್ಲ, ಏಕೆಂದರೆ ಅದು ಬೀದಿಗೆಲ್ಲ ಗೊತ್ತಾಗುವುದು ಬೇಡ. ಎರಡು ಚೀಟಿಗಳು ಒಂದೇ ಮನೆಯಲ್ಲಿದ್ದರೂ ಎಂದೂ ಒಟ್ಟಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಲಿವರ್ ಒಳಗೆ ಏನಾಗುತ್ತದೆ?

ನಾವು ನುಂಗಿದ ಹೆಚ್ಚಿನ ಔಷಧಿಗಳನ್ನು ಕೆಲಸ ಮುಗಿದ ಮೇಲೆ ಒಡೆದು ಹೊರಹಾಕುವುದು ಲಿವರ್, ಅಂದರೆ ಯಕೃತ್ತು. ಈ ಒಡೆಯುವ ಕೆಲಸ ಮಾಡುವುದು ಅಲ್ಲಿನ ಕಿಣ್ವಗಳು. ಅವುಗಳಲ್ಲಿ ಬಹಳ ಮುಖ್ಯವಾದುದರ ಹೆಸರು ಸಿವೈಪಿ 3ಎ4. ಇವತ್ತು ಬಳಕೆಯಲ್ಲಿರುವ ಔಷಧಿಗಳಲ್ಲಿ ದೊಡ್ಡದೊಂದು ಪಾಲು ಈ ಒಂದೇ ಕಿಣ್ವದ ಕೈಯಲ್ಲಿ ಹಾದುಹೋಗುತ್ತದೆ. ವೈದ್ಯರು ಬರೆಯುವ ಡೋಸ್ ಕೂಡ ಈ ಕಿಣ್ವ ಮಾಮೂಲಿ ಪ್ರಮಾಣದಲ್ಲಿದೆ ಎಂಬ ಲೆಕ್ಕದ ಮೇಲೆಯೇ ನಿಂತಿರುತ್ತದೆ.

ಕಾರ್ಬಮಜೆಪಿನ್ ಈ ಲೆಕ್ಕವನ್ನು ಬದಲಿಸುತ್ತದೆ. ಅದು ಲಿವರ್ ಜೀವಕೋಶದೊಳಗೆ ಹೋಗಿ, ಕಿಣ್ವ ತಯಾರಿಸುವ ಜೀನ್‌ಗಳನ್ನು ಚುರುಕುಗೊಳಿಸುವ ಗ್ರಾಹಿಗಳನ್ನು ಎಚ್ಚರಿಸುತ್ತದೆ. ಲಿವರ್ ಇನ್ನಷ್ಟು ಕಿಣ್ವ ತಯಾರಿಸಲು ತೊಡಗುತ್ತದೆ. ಹತ್ತು ಜನ ಇದ್ದ ಗೋಡೌನಿಗೆ ಇನ್ನೂ ಹತ್ತು ಜನ ಹಮಾಲರನ್ನು ಸೇರಿಸಿದ ಹಾಗೆ. ಬಂದ ಸರಕು ಮೊದಲಿಗಿಂತ ಬೇಗ ಖಾಲಿಯಾಗುತ್ತದೆ. ವೈದ್ಯಕೀಯ ಭಾಷೆಯಲ್ಲಿ ಇದಕ್ಕೆ ‘ಕಿಣ್ವ ಪ್ರೇರಣೆ’ ಎನ್ನುತ್ತಾರೆ. ಇದು ಲಿವರ್ ಹಾಳಾಗಿರುವುದರ ಲಕ್ಷಣವಲ್ಲ, ಲಿವರ್ ಹೆಚ್ಚು ಕೆಲಸ ಮಾಡುತ್ತಿದೆ ಅಷ್ಟೆ.

ತಮಾಷೆಯೆಂದರೆ ಈ ಹೆಚ್ಚುವರಿ ಕಿಣ್ವಗಳು ಕಾರ್ಬಮಜೆಪಿನ್ನನ್ನೂ ಬಿಡುವುದಿಲ್ಲ. ಹೊಸದಾಗಿ ಶುರು ಮಾಡಿದಾಗ ಒಂದು ಡೋಸ್ ರಕ್ತದಲ್ಲಿ ಅರ್ಧಕ್ಕಿಳಿಯಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಕೆಲವು ವಾರಗಳ ನಂತರ ಅದು 12ರಿಂದ 17 ಗಂಟೆಗೆ ಇಳಿಯುತ್ತದೆ. ಅದಕ್ಕೇ ವೈದ್ಯರು ಸಣ್ಣ ಡೋಸ್‌ನಿಂದ ಶುರು ಮಾಡಿ ವಾರ ವಾರ ಏರಿಸುವುದು.

ಹಾಗಾದರೆ ‘ಗ್ಯಾಪ್’ ಯಾವಾಗ ಕೆಲಸ ಮಾಡುತ್ತದೆ?

ಥೈರಾಯ್ಡ್ ಮಾತ್ರೆ ಮತ್ತು ಕಬ್ಬಿಣದ ಮಾತ್ರೆಯನ್ನು ಒಟ್ಟಿಗೆ ನುಂಗಿದರೆ ಎರಡೂ ಹೊಟ್ಟೆಯಲ್ಲೇ ಅಂಟಿಕೊಂಡು ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಇಲ್ಲಿ ಜಗಳ ನಡೆಯುವುದು ಹೊಟ್ಟೆಯಲ್ಲಿ. ಎರಡೂ ಅಲ್ಲಿ ಮುಖಾಮುಖಿ ಆಗದಂತೆ ನಾಲ್ಕು ಗಂಟೆ ಬಿಟ್ಟರೆ ಜಗಳವಿಲ್ಲ. ‘ಗ್ಯಾಪ್ ಕೊಡಿ’ ಎಂಬ ಸಲಹೆ ಹುಟ್ಟಿದ್ದು ಇಂಥ ಔಷಧಿಗಳಿಂದ.

ಕಾರ್ಬಮಜೆಪಿನ್ ಮತ್ತು ಗರ್ಭನಿರೋಧಕ ಮಾತ್ರೆ ಮುಖಾಮುಖಿ ಆಗಬೇಕಾಗಿಯೇ ಇಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಂಡರೂ ಕಿಣ್ವಗಳು ದಿನದ 24 ಗಂಟೆಯೂ ಲಿವರ್‌ನಲ್ಲಿ ಹೆಚ್ಚಾಗಿಯೇ ಇರುತ್ತವೆ. ಹಮಾಲರು ಎರಡು ಗಂಟೆಯಲ್ಲಿ ಮನೆಗೆ ಹೋಗುವುದಿಲ್ಲ. ಒಮ್ಮೆ ಕೆಲಸಕ್ಕೆ ಸೇರಿದರೆ ವಾರಗಟ್ಟಲೆ ಅಲ್ಲೇ ಇರುತ್ತಾರೆ.

ಲೆಕ್ಕ ಹಾಕಿ ನೋಡೋಣ

ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ. ಅದರಲ್ಲಿ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣದ ಮಾತ್ರೆ. ಪ್ರತಿ ಹಾರ್ಮೋನ್ ಮಾತ್ರೆಯಲ್ಲಿ 30 ಮೈಕ್ರೋಗ್ರಾಂ ಎಥಿನೈಲ್ ಎಸ್ಟ್ರಡಿಯಾಲ್ ಮತ್ತು 150 ಮೈಕ್ರೋಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ. ಕಾರ್ಬಮಜೆಪಿನ್ ತಗೊಳ್ಳುವ ಮಹಿಳೆಯರಲ್ಲಿ ಇಂಥ ಹಾರ್ಮೋನ್‌ಗಳು ರಕ್ತದಲ್ಲಿ ಶೇ. 40ರ ಆಸುಪಾಸು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಅಂದರೆ ನಮ್ಮ ಹೆಣ್ಣುಮಗಳು ನುಂಗುವುದು 30 ಮತ್ತು 150. ದೇಹಕ್ಕೆ ದಕ್ಕುವುದು ಸುಮಾರು 18 ಮತ್ತು 90ರ ಮಾತ್ರೆ ನುಂಗಿದಷ್ಟು. ಅಂಡೋತ್ಪತ್ತಿ ತಡೆಯಲು ಅದು ಸಾಲದೆ ಹೋಗಬಹುದು.

ಇದು ಮೊದಲ ದಿನವೇ ಆಗುವುದಿಲ್ಲ. ಹೊಸ ಕಿಣ್ವ ತಯಾರಾಗಲು ಸಮಯ ಬೇಕು. ಮೊದಲ ವಾರದಲ್ಲಿ ಶುರುವಾಗಿ, ಎರಡು–ಮೂರು ವಾರಕ್ಕೆ ಪೂರ್ತಿ ಬಲಕ್ಕೆ ಬರುತ್ತದೆ. ಆಕೆಗೆ ಗೊತ್ತಾಗುವ ಒಂದು ಸೂಚನೆಯೆಂದರೆ ತಿಂಗಳ ಮಧ್ಯೆ, ಇನ್ನೂ ಹಾರ್ಮೋನ್ ಮಾತ್ರೆ ನಡೆಯುತ್ತಿರುವಾಗಲೇ ಸ್ವಲ್ಪ ಸ್ವಲ್ಪ ರಕ್ತಸ್ರಾವ ಕಾಣುವುದು. ಎರಡು ವರ್ಷ ಹಾಗಾಗದೆ ಈಗ ಆಗುತ್ತಿದ್ದರೆ ಹಾರ್ಮೋನ್ ಮಟ್ಟ ಇಳಿದಿರಬಹುದು. ಆದರೆ ರಕ್ತಸ್ರಾವ ಇಲ್ಲದಿದ್ದರೆ ರಕ್ಷಣೆ ಇದೆ ಎಂದು ಅರ್ಥವಲ್ಲ. ಕೆಲವರಿಗೆ ಯಾವ ಸೂಚನೆಯೂ ಇಲ್ಲದೆ ಗರ್ಭ ನಿಲ್ಲುತ್ತದೆ. ಆಗ ‘ಸರ್ಕಾರಿ ಮಾತ್ರೆ ಡುಪ್ಲಿಕೇಟ್’ ಎಂಬ ಮಾತು ಹರಡುತ್ತದೆ. ಮಾತ್ರೆಯಲ್ಲಿ ಕೊರತೆ ಇಲ್ಲದೆಯೂ ಹೀಗಾಗಬಹುದು.

ಇಲ್ಲಿ ಇನ್ನೊಂದು ಗಂಭೀರ ವಿಷಯವಿದೆ. ಕಾರ್ಬಮಜೆಪಿನ್ ತಗೊಳ್ಳುವಾಗ ಗರ್ಭ ನಿಂತರೆ ಮಗುವಿನ ಬೆನ್ನುಹುರಿಯ ರಚನೆಯಲ್ಲಿ ದೋಷವಾಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದಕ್ಕೇ ಗರ್ಭಕ್ಕೆ ಮೊದಲೇ ಫೋಲಿಕ್ ಆಸಿಡ್ ಶುರು ಮಾಡಿ, ಔಷಧಿಯನ್ನು ಮರುಪರಿಶೀಲಿಸಿ ಮುಂದುವರಿಯಬೇಕು. ಗೊತ್ತಿಲ್ಲದೆ ನಿಂತ ಗರ್ಭದಲ್ಲಿ ಆ ಸಮಯ ಸಿಗುವುದಿಲ್ಲ.

ಎರಡೆರಡು ಮಾಲಾ-ಎನ್ ನುಂಗಿದರೆ?

ನೀವಾಗಿಯೇ ಹೀಗೆ ಮಾಡಬೇಡಿ. ಕಿಣ್ವ ಎಷ್ಟು ಹೆಚ್ಚಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ, ಆದ್ದರಿಂದ ಎರಡು ನುಂಗಿದರೂ ಖಾತರಿ ಇಲ್ಲ. ಈಸ್ಟ್ರೋಜನ್ ಹೆಚ್ಚಾದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ಲಿವರ್‌ನ ಈ ಬದಲಾವಣೆ ತಟ್ಟದ ದಾರಿಗಳಿವೆ. ಕಾಪರ್-ಟಿ ಗರ್ಭಕೋಶದಲ್ಲೇ ಕೆಲಸ ಮಾಡುತ್ತದೆ, ಅದಕ್ಕೂ ಲಿವರ್‌ಗೂ ಸಂಬಂಧವಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದಿನ ಪರಿಣಾಮವೂ ಕಾರ್ಬಮಜೆಪಿನ್‌ನಿಂದ ಕಡಿಮೆಯಾಗುವುದಿಲ್ಲ. ಇವೆರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ತೋಳಿನ ಚರ್ಮದಡಿ ಇಡುವ ಹಾರ್ಮೋನ್ ಕಡ್ಡಿಯ ಬಲ ಮಾತ್ರ ಮಾತ್ರೆಯಂತೆಯೇ ತಗ್ಗುತ್ತದೆ.

ತುರ್ತು ಗರ್ಭನಿರೋಧಕ ಮಾತ್ರೆಯಲ್ಲೂ ಇರುವುದು ಲೆವೊನಾರ್ಜೆಸ್ಟ್ರೆಲ್ಲೇ, 1.5 ಮಿ.ಗ್ರಾಂ. ಕಾರ್ಬಮಜೆಪಿನ್ ತಗೊಳ್ಳುವವರಿಗೆ ಅದು ಸಾಲದು. ಐದು ದಿನದೊಳಗೆ ಕಾಪರ್-ಟಿ ಹಾಕಿಸುವುದು ಇವರಿಗೆ ಹೆಚ್ಚು ನಂಬಿಕೆಯ ದಾರಿ. ಅದು ಆಗದಿದ್ದರೆ ಎರಡರಷ್ಟು ಡೋಸ್ ಕೊಡುವ ಪದ್ಧತಿ ಇದೆ. ಆ ತೀರ್ಮಾನ ವೈದ್ಯರದ್ದು.

ಫಿಟ್ಸ್ ಮಾತ್ರೆ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆಯೇ?

ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾಗಬಹುದು. ವೈದ್ಯರೇ ನಿಧಾನವಾಗಿ ನಿಲ್ಲಿಸಿದರೂ ಕಿಣ್ವ ಮಾಮೂಲಿಗೆ ಇಳಿಯಲು ಎರಡರಿಂದ ನಾಲ್ಕು ವಾರ ಬೇಕು. ಹಾಗಾಗಿ ಕೊನೆಯ ಮಾತ್ರೆಯ ನಂತರ 28 ದಿನದವರೆಗೆ ಗರ್ಭನಿರೋಧಕ ಮಾತ್ರೆಯನ್ನು ನಂಬುವಂತಿಲ್ಲ.

ಇನ್ನು ಕೆಲವರಿಗೆ ಈ ಇಳಿಯುವ ಸಮಯವೇ ಅಪಾಯದ ಸಮಯ. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತಗೊಳ್ಳುತ್ತಾರೆ. ಜೊತೆಗೆ ಕಾರ್ಬಮಜೆಪಿನ್ ಇದ್ದರೆ ವಾರ್ಫರಿನ್ ಬೇಗ ಒಡೆದುಹೋಗುವುದರಿಂದ, ವೈದ್ಯರು ಐಎನ್‌ಆರ್ ಎಂಬ ರಕ್ತಪರೀಕ್ಷೆ ನೋಡಿ ಡೋಸ್ ಏರಿಸಿರುತ್ತಾರೆ. ಕಾರ್ಬಮಜೆಪಿನ್ ನಿಂತ ಮೇಲೂ ಅದೇ ಏರಿಸಿದ ಡೋಸ್ ಮುಂದುವರಿದರೆ, ಒಡೆಯುವ ಕಿಣ್ವ ವಾರ ವಾರಕ್ಕೂ ಕಡಿಮೆಯಾಗಿ ವಾರ್ಫರಿನ್ ಮಟ್ಟ ಏರುತ್ತಾ ಹೋಗುತ್ತದೆ. ಒಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಕಪ್ಪು ಮಲ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಶುರು ಮಾಡುವಾಗ ಮಾತ್ರವಲ್ಲ, ನಿಲ್ಲಿಸುವಾಗಲೂ ಕೆಲವು ವಾರ ಐಎನ್‌ಆರ್ ಪದೇ ಪದೇ ನೋಡಿಸಬೇಕು.

ಎಲ್ಲ ಮಾತ್ರೆಗೂ ಹೀಗೇ ಆಗುತ್ತದೆಯೇ?

ಇಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಲಿವರ್‌ನಲ್ಲಿ ಒಡೆಯದೆ ಮೂತ್ರದಲ್ಲಿ ಹಾಗೇ ಹೋಗುತ್ತದೆ, ಈ ಕಿಣ್ವಗಳು ಅದನ್ನು ಮುಟ್ಟುವುದಿಲ್ಲ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್, ಕೊಲೆಸ್ಟರಾಲ್‌ನ ಅಟೊರ್ವಾಸ್ಟಾಟಿನ್, ಪ್ರೆಡ್ನಿಸೊಲೋನ್ ಮುಂತಾದವನ್ನು ಮುಟ್ಟುತ್ತವೆ. ಕಾರ್ಬಮಜೆಪಿನ್ ಒಂದೇ ಹೀಗೆ ಮಾಡುವುದೂ ಅಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ (ಎಪ್ಟಾಯಿನ್), ಫಿನೋಬಾರ್ಬಿಟೋನ್ (ಗಾರ್ಡಿನಾಲ್) ಕೂಡ ಕಿಣ್ವ ಹೆಚ್ಚಿಸುತ್ತವೆ. ಲೆವೆಟಿರಾಸೆಟಮ್ ಗರ್ಭನಿರೋಧಕ ಮಾತ್ರೆಗೆ ಹೀಗೆ ಅಡ್ಡಬರುವುದಿಲ್ಲ. ಆದರೆ ಯಾರಿಗೆ ಯಾವುದು ಹೊಂದುತ್ತದೆ ಎಂಬುದು ಫಿಟ್ಸ್ ಯಾವ ಬಗೆಯದ್ದು ಎನ್ನುವುದರ ಮೇಲಿದೆ.

ಒಟ್ಟಿನಲ್ಲಿ: ‘ಎರಡು ಗಂಟೆ ಗ್ಯಾಪ್ ಸಾಕು’ ಎಂಬುದು ಕಾರ್ಬಮಜೆಪಿನ್ ವಿಷಯದಲ್ಲಿ ಸುಳ್ಳು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ, ಮಾಲಾ-ಎನ್ ಸೇರಿಸಿ, ಒಂದೇ ಕವರ್‌ನಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ಯಾವುದನ್ನಾದರೂ ಹೊಸದಾಗಿ ಶುರು ಮಾಡಿದಾಗ ಅಥವಾ ನಿಲ್ಲಿಸಿದಾಗ ‘ಉಳಿದವುಗಳ ಡೋಸ್ ಹೀಗೇ ಇರಲಾ?’ ಎಂದು ಕೇಳಿ. ವೈದ್ಯರು ಹೇಳುವವರೆಗೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಅಷ್ಟರವರೆಗೆ ಕಾಂಡೋಮ್ ಬಳಸಿ.